ಕೂಪನ್ ಲೆಕ್ಕ ಒಂದು, ಲಿಂಕ್ ಲೆಕ್ಕ ಇನ್ನೊಂದು: ಯಾವ ಪೋಸ್ಟ್‌ನಿಂದ ಎಷ್ಟು ಮಾರಾಟ ಆಯ್ತು ಅಂತ ಹೇಗೆ ಹೇಳೋದು?

ಅಂಗಡಿಯಾಕೆ

ಎಲ್ರಿಗೂ ನಮಸ್ಕಾರ. ನಮ್ದು ಆನ್‌ಲೈನ್ ಅಂಗಡಿ, ವೂಕಾಮರ್ಸ್ ಮೇಲೆ ನಡೀತಿದೆ. ಇನ್‌ಸ್ಟಾಗ್ರಾಮ್ ಮತ್ತೆ ಯೂಟ್ಯೂಬ್‌ಗೆ ಪೋಸ್ಟ್ ಹಾಕ್ತೀವಿ, ಪ್ರತಿ ಪೋಸ್ಟ್‌ಗೂ p14, p17 ಅಂತ ಒಂದು ನಂಬರ್ ಕೊಟ್ಟಿದೀವಿ, ಆ ಪೋಸ್ಟ್‌ಗೆ ಅಂತಾನೇ ಒಂದು ಕೂಪನ್ ಕೋಡ್, ಜೊತೆಗೆ `utm_content=p17` ಅಂತ ಇರೋ ಒಂದು ಲಿಂಕ್. ದಿನಾ ಬೆಳಗ್ಗೆ ಒಂದು ಸ್ಕ್ರಿಪ್ಟ್ ತಾನಾಗೇ ಓಡಿ ಹಿಂದಿನ ದಿನದ ಆರ್ಡರ್‌ಗಳನ್ನ ಗೂಗಲ್ ಶೀಟ್‌ಗೆ ತಂದು ಹಾಕುತ್ತೆ.

ಈಗ p17 ಎದುರಿಗೆ ಕೂಪನ್ ಕಾಲಂನಲ್ಲಿ 41 ಆರ್ಡರ್ ಅಂತಿದೆ, ಲಿಂಕ್ ಕಾಲಂನಲ್ಲಿ 23 ಅಂತಿದೆ. ನಮ್ಮ ಪಾರ್ಟ್ನರ್ ಎರಡೂ ಕೂಡಿಸಿ 64 ಅಂತಾರೆ, ನಂಗೆ ಅದು ಸರಿ ಅನ್ನಿಸ್ತಿಲ್ಲ, ಆದ್ರೆ ಯಾವುದು ಸರಿ ಅಂತ ಹೇಳೋಕೂ ಬರ್ತಿಲ್ಲ. ಇದೇ ತರದ ವಿಡಿಯೋ ಇನ್ನೂ ಮಾಡಿಸ್ಬೇಕಾ ಬೇಡ್ವಾ ಅನ್ನೋ ತೀರ್ಮಾನ ಈ ನಂಬರ್ ಮೇಲೇ ನಿಂತಿದೆ, ಅದಕ್ಕೇ ಕೇಳ್ತಿದೀನಿ.

ಹೊಸದಾರಿ

ಮೇಡಂ ಒಬ್ಬೊಬ್ಬ ಕಸ್ಟಮರ್‌ಗೂ ಬೇರೆ ಬೇರೆ ಕೋಡ್ ಬೇಕು ಅಂದ್ರೆ ಬಲ್ಕ್ ಆಗಿ ಕೂಪನ್ ಮಾಡಿಕೊಡೋ ಪ್ಲಗಿನ್‌ಗಳು ಸುಮಾರಿವೆ, ಒಂದು ಸಲಕ್ಕೆ ಸಾವಿರ ಕೋಡ್ ಮಾಡಬಹುದು, ಒಂದು ಕೋಡ್ ಒಬ್ಬರಿಗೆ ಒಂದೇ ಸಲ ಅಂತ ಲಿಮಿಟ್ ಕೂಡ ಇಡಬಹುದು.

ಅಂಗಡಿಯಾಕೆ

ಥ್ಯಾಂಕ್ಸ್, ಆದ್ರೆ ನಂಗೆ ಬೇಕಿರೋದು ಕಸ್ಟಮರ್ ಲೆಕ್ಕ ಅಲ್ಲ, ಪೋಸ್ಟ್ ಲೆಕ್ಕ. ಕೋಡ್‌ಗಳು ಆಗ್ಲೇ ಇವೆ.

ಕ್ಲಿಕ್ಕೇಸತ್ಯ

ಲಿಂಕ್ ಲೆಕ್ಕ ಒಂದನ್ನೇ ನಂಬಿ, ಕೂಪನ್ ಬಿಟ್ಟಾಕಿ. ಕ್ಲಿಕ್ ಮಾಡಿ ಬಂದ, ಕೊಂಡ, ಮುಗೀತು, ಅದಕ್ಕೆ ಸಾಕ್ಷಿ ಇದೆ. ಕೂಪನ್ ಕೋಡ್ ಯಾರು ಯಾರಿಗೆ ಹೇಳಿದ್ರೋ ಯಾರಿಗೆ ಗೊತ್ತು, ಸಾಲದ್ದಕ್ಕೆ ಪ್ರತಿ ಆರ್ಡರ್‌ಗೂ ನೀವು ಡಿಸ್ಕೌಂಟ್ ಕಳ್ಕೋತೀರ. ಆದ್ದರಿಂದ ನಿಮ್ಮ ಉತ್ತರ 23.

ಲೆಕ್ಕದಪುಸ್ತಕ

ಕ್ಲಿಕ್ಕೇಸತ್ಯ ಅವರು ಕೂಪನ್ ಕೈ ಬದಲಾಯಿಸುತ್ತೆ ಅಂದಿದ್ದು ನಿಜ, ಅದಕ್ಕೆ ಆಮೇಲೆ ಬರ್ತೀನಿ. ಆದ್ರೆ 23 ಅನ್ನೋದು ಖಂಡಿತ ಕಡಿಮೆ ಲೆಕ್ಕ. ಇನ್‌ಸ್ಟಾಗ್ರಾಮ್‌ನಲ್ಲಿ ಪೋಸ್ಟ್ ಕೆಳಗಿನ ಬರಹದಲ್ಲಿ ಲಿಂಕ್ ಹಾಕಿದ್ರೂ ಅದು ಒತ್ತೋಕೆ ಬರಲ್ಲ, ಬಯೋಗೆ ಹೋಗ್ಬೇಕು ಇಲ್ಲ ಸ್ಟೋರಿ ಸ್ಟಿಕರ್ ಒತ್ತಬೇಕು. ಒತ್ತಿದ್ರೂ ಅದು ತೆರೆಯೋದು ಆ್ಯಪ್ ಒಳಗಿನ ಬ್ರೌಸರ್‌ನಲ್ಲಿ, ಅದರ ಕುಕಿಗೂ ಫೋನ್‌ನ ಮಾಮೂಲಿ ಬ್ರೌಸರ್ ಕುಕಿಗೂ ಸಂಬಂಧ ಇಲ್ಲ. ಜನ ಅಲ್ಲಿ ನೋಡ್ತಾರೆ, ಮುಚ್ತಾರೆ, ರಾತ್ರಿ ಪುರುಸೊತ್ತಾದಾಗ ಕ್ರೋಮ್‌ನಲ್ಲೋ ಲ್ಯಾಪ್‌ಟಾಪ್‌ನಲ್ಲೋ ಅಂಗಡಿ ಹೆಸರು ಟೈಪ್ ಮಾಡಿ ಬಂದು ಕೊಳ್ತಾರೆ. ಆಗ ಆ ಆರ್ಡರ್‌ಗೆ p17 ಅಂಟೋದೇ ಇಲ್ಲ. ಸಫಾರಿಯಲ್ಲಿ ಪೇಜಿನ ಸ್ಕ್ರಿಪ್ಟ್ ಬರೆದ ಕುಕಿ ಹೆಚ್ಚಂದ್ರೆ 7 ದಿನ ಬದುಕುತ್ತೆ, ಅಂದ್ರೆ ಅದೇ ಬ್ರೌಸರ್‌ಗೆ ವಾಪಸ್ ಬಂದ್ರೂ ತಡ ಆದ್ರೆ ಗುರುತು ಹೋಗಿರುತ್ತೆ. ಕೋಡ್ ಮಾತ್ರ ಮನುಷ್ಯನ ತಲೆಯಲ್ಲೋ ಸ್ಕ್ರೀನ್‌ಶಾಟ್‌ನಲ್ಲೋ ಉಳ್ಕೊಂಡು ಈ ಫೋನಿಂದ ಆ ಲ್ಯಾಪ್‌ಟಾಪ್‌ಗೆ ದಾಟುತ್ತೆ.

ಅಂಗಡಿಯಾಕೆ ಅವರೇ, 64 ಯಾಕೆ ತಪ್ಪು ಅಂದ್ರೆ ಲಿಂಕ್ ಒತ್ತಿ ಬಂದು ಕೂಪನ್ನೂ ಹಾಕಿದ ಆರ್ಡರ್ ಎರಡೂ ಕಾಲಂನಲ್ಲಿ ಎಣಿಕೆ ಆಗಿದೆ. ನೀವು ಎರಡು ಬೇರೆ ಮೊತ್ತ ಮಾಡಿ ಆಮೇಲೆ ಸೇರಿಸೋದರ ಬದಲು ಆರ್ಡರ್ ಒಂದಕ್ಕೆ ಒಂದೇ ಸಾಲು ಇಟ್ಟು, ಆ ಸಾಲಿನಲ್ಲೇ ಕೂಪನ್ ಯಾವ ಪೋಸ್ಟ್ ಅನ್ನುತ್ತೆ, ಲಿಂಕ್ ಯಾವ ಪೋಸ್ಟ್ ಅನ್ನುತ್ತೆ ಅಂತ ಎರಡು ಕಾಲಂ ಮಾಡಿ. F ಕೂಪನ್ನಿನ ಪೋಸ್ಟ್, G ಲಿಂಕಿನ ಪೋಸ್ಟ್ ಅಂತ ಇಟ್ಕೊಳ್ಳಿ. ಪಕ್ಕದಲ್ಲಿ ಇದನ್ನ ಹಾಕಿ:

```
=IF(AND(F2="",G2=""),"ಯಾವುದೂ ಇಲ್ಲ",IF(G2="","ಕೂಪನ್ ಮಾತ್ರ",IF(F2="","ಲಿಂಕ್ ಮಾತ್ರ",IF(F2=G2,"ಎರಡೂ","ಜಗಳ"))))
```

p17ಕ್ಕೆ ಈ ನಾಲ್ಕು ಗುಂಪಿನಲ್ಲಿ ಎಷ್ಟೆಷ್ಟು ಬರುತ್ತೆ ಅಂತ ಇಲ್ಲಿ ಹಾಕಿ, ಆಮೇಲೆ ಮಾತಾಡೋಣ. ಜಗಳ ಅನ್ನೋದನ್ನ ಮಾತ್ರ ಎಣಿಸಿ ಸುಮ್ಮನಾಗ್ಬೇಡಿ, ಆ ಆರ್ಡರ್‌ಗಳನ್ನ ಒಂದೊಂದಾಗಿ ತೆಗೆದು ನೋಡಿ.

ರಾತ್ರಿಪಾಳಿ

ಅದಕ್ಕೂ ಮುಂಚೆ ಶೀಟೇ ಸರಿ ಇದ್ಯಾ ನೋಡ್ಕೊಳ್ಳಿ. ಈ ತರ ದಿನಾ ಓಡೋ ಸ್ಕ್ರಿಪ್ಟ್‌ಗಳು ಬಹಳಷ್ಟು ಸಲ ಕೆಳಗೆ ಸಾಲು ಸೇರಿಸ್ತಾ ಹೋಗ್ತವೆ, ಯಾರೋ ಒಂದು ಸಲ ಕೈಯಿಂದ ಓಡಿಸಿದ್ರೆ ಆ ದಿನದ ಆರ್ಡರ್ ಎಲ್ಲ ಎರಡೆರಡು. ಖಾಲಿ ಸೆಲ್‌ನಲ್ಲಿ ಇದನ್ನ ಹಾಕಿ, ಸೊನ್ನೆ ಬರ್ಲೇಬೇಕು:

```
=COUNTA(orders!A2:A)-COUNTUNIQUE(orders!A2:A)
```

ಅಂಗಡಿಯಾಕೆ

ರಾತ್ರಿಪಾಳಿ ಸರ್, ಸೊನ್ನೆ ಬಂತು, ಸಮಾಧಾನ.

ಲೆಕ್ಕದಪುಸ್ತಕ ಸರ್, p17 ಲೆಕ್ಕ ಹೀಗಿದೆ: ಕೂಪನ್ ಮಾತ್ರ 22, ಎರಡೂ ಇರೋದು 15, ಲಿಂಕ್ ಮಾತ್ರ 8, ಜಗಳ 4. ಆ ನಾಲ್ಕರಲ್ಲೂ ಕೂಪನ್ p17ರದ್ದು, ಲಿಂಕ್ ಮಾತ್ರ p14 ಅಂತಿದೆ. p14 ಅಂದ್ರೆ ಯೂಟ್ಯೂಬ್ ವಿಡಿಯೋ, p17 ಇನ್‌ಸ್ಟಾ ರೀಲ್. ಅಂದ್ರೆ ಒಟ್ಟು 49 ಆಯ್ತಲ್ವಾ? 64 ಅಲ್ಲ.

ಲೆಕ್ಕದಪುಸ್ತಕ

ಹೌದು, ಬೇರೆ ಬೇರೆ ಆರ್ಡರ್ 49, ಎರಡು ಸಲ ಎಣಿಕೆ ಆಗಿದ್ದು ಆ 15. ಆದ್ರೆ 49ಕ್ಕೂ ಈಗ್ಲೇ ಸಹಿ ಹಾಕ್ಬೇಡಿ.

ನಂಗೆ ಕಣ್ಣಿಗೆ ಬಿದ್ದಿದ್ದು ಆ 22. ಕೂಪನ್ ಮಾತ್ರ ಇರೋ ಗುಂಪು ಅಷ್ಟು ದೊಡ್ಡದಿದ್ರೆ ಎರಡು ಕಾರಣ ಇರಬಹುದು, ಒಂದು ಮೇಲೆ ಹೇಳಿದ ಹಾಗೆ ನಿಜವಾಗ್ಲೂ ರೀಲ್ ನೋಡಿ ಬೇರೆ ದಾರಿಯಲ್ಲಿ ಬಂದವರು, ಇನ್ನೊಂದು ಕೋಡ್ ಎಲ್ಲೋ ಸೋರಿ ಹೋಗಿದೆ. ಕೂಪನ್ ಪಟ್ಟಿ ಮಾಡೋ ಸೈಟ್‌ಗಳಿವೆ, ಚೆಕೌಟ್ ಪೇಜ್‌ನಲ್ಲಿ ತಾನಾಗೇ ಕೋಡ್ ಹುಡುಕಿ ಹಾಕೋ ಬ್ರೌಸರ್ ಎಕ್ಸ್‌ಟೆನ್ಷನ್‌ಗಳಿವೆ. ಹಾಗೆ ಬಂದವರು ಪೋಸ್ಟನ್ನ ಕಣ್ಣಲ್ಲೂ ಕಂಡಿರಲ್ಲ, ಕಾರ್ಟ್ ತುಂಬಿಸಿ ಕೊನೆಯಲ್ಲಿ ಕೂಪನ್ ಡಬ್ಬಿ ನೋಡಿ ಹುಡುಕಿರ್ತಾರೆ. ಆ ಮಾರಾಟ ರೀಲ್‌ದಲ್ಲ, ಮೇಲಿಂದ ಡಿಸ್ಕೌಂಟ್ ಬೇರೆ ಹೋಯ್ತು.

ಎರಡನ್ನೂ ಬೇರೆ ಮಾಡೋಕೆ ದಿನದ ಆಕಾರ ನೋಡಿ. ಆ 22 ಆರ್ಡರ್‌ಗಳನ್ನ, ಪೋಸ್ಟ್ ಹಾಕಿದ ದಿನದಿಂದ ಎಷ್ಟನೇ ದಿನ ಬಂತು ಅಂತ ಜೋಡಿಸಿ. ರೀಲ್‌ನಿಂದ ಬಂದವ್ರು ಅಂದ್ರೆ ಲಿಂಕ್‌ನಿಂದ ಬಂದವರ ಜೊತೆಜೊತೆಗೇ ಏರಿ ಇಳೀತಾರೆ, ಯಾಕಂದ್ರೆ ಇಬ್ಬರನ್ನೂ ಎಬ್ಬಿಸಿದ್ದು ಅದೇ ರೀಲ್. ಲಿಂಕ್ ತಣ್ಣಗಾದ ಮೇಲೂ ಕೂಪನ್ ಒಂದೇ ಜೋರಾಗಿ ಎದ್ರೆ ಅನುಮಾನ ಪಡಿ. ಆಮೇಲೆ ಆರ್ಡರ್ ಜೊತೆಗೆ, ಯಾವ ಸೈಟ್‌ನಿಂದ ಬಂದ್ರು ಅಂತ ಹೇಳೋ `_wc_order_attribution_referrer` ಅನ್ನೋ ಫೀಲ್ಡ್ ಬರುತ್ತೆ, ಅದನ್ನೂ ಶೀಟ್‌ಗೆ ತನ್ನಿ. `utm_content` ಎಲ್ಲಿಂದ ತರ್ತಿದೀರೋ ಅದರ ಪಕ್ಕದಲ್ಲೇ ಇರುತ್ತೆ.

ದನಿಪೆಟ್ಟಿಗೆ

ನಡುವೆ ಬಾಯಿ ಹಾಕ್ತಿದೀನಿ ಕ್ಷಮಿಸಿ, ನಮ್ಮದು ಆಡಿಯೋ ಕಾರ್ಯಕ್ರಮ, ಎಪಿಸೋಡ್ ನಡುವೆ ನಾವೇ ಕೋಡ್ ಓದಿ ಹೇಳ್ತೀವಿ, ಕೇಳೋರು ಗಾಡಿ ಓಡಿಸ್ತಾನೋ ಕೆಲಸ ಮಾಡ್ತಾನೋ ಇರ್ತಾರೆ, ಲಿಂಕ್ ಯಾರೂ ಒತ್ತಲ್ಲ. ನಮಗೆ ಲಿಂಕ್ ಕಾಲಂ ಹೆಚ್ಚುಕಮ್ಮಿ ಖಾಲಿ. ಅಂಗಡಿಯಾಕೆ ಅವರ ಹಾಗೆ ಲಿಂಕ್ 23 ಇದ್ರೆ ಕೂಪನ್ 41 ಅನ್ನೋ ಪ್ರಮಾಣ ಇಟ್ಕೊಂಡು ನಾವೂ ಅಂದಾಜು ಮಾಡಬಹುದಾ?

ಲೆಕ್ಕದಪುಸ್ತಕ

ಬೇಡ. ಆ ಪ್ರಮಾಣ ಅವರ ರೀಲ್‌ಗೆ, ಅವರ ಜನಕ್ಕೆ ಸೇರಿದ್ದು, p14ಕ್ಕೇ ಅದು ಬೇರೆ ಬರುತ್ತೆ. ನಿಮ್ಮ ಹತ್ರ ಲಿಂಕ್ ಸಾಕ್ಷಿ ಇಲ್ಲದಿರೋದ್ರಿಂದ ಕೋಡ್ ಜೊತೆ ಇನ್ನೊಂದು ಸಾಕ್ಷಿ ಬೇಕು, ಆರ್ಡರ್ ಆದ ಮೇಲಿನ ಪೇಜ್‌ನಲ್ಲಿ ನಮ್ಮ ಬಗ್ಗೆ ಎಲ್ಲಿ ಕೇಳಿದ್ರಿ ಅಂತ ಒಂದೇ ಪ್ರಶ್ನೆ ಇಡಿ, ಉತ್ತರ ಆರ್ಡರ್ ಸಾಲಿನಲ್ಲೇ ಬರೋ ಹಾಗೆ ಮಾಡಿ. ಕೋಡ್ ಹಾಕದೇ ಆ ಪ್ರಶ್ನೆಗೆ ಕಾರ್ಯಕ್ರಮದ ಹೆಸರು ಬರೆದವರು ಎಷ್ಟು ಅಂತ ಗೊತ್ತಾದ್ರೆ ಕೋಡ್ ಎಷ್ಟು ಜನರನ್ನ ಬಿಟ್ಟುಬಿಡ್ತಿದೆ ಅಂತ ತಿಳಿಯುತ್ತೆ.

ದನಿಪೆಟ್ಟಿಗೆ

ಸರಿ ಪ್ರಶ್ನೆ ಇಟ್ಟು ನೋಡ್ತೀವಿ. ನಮ್ಮಲ್ಲಿ ಇನ್ನೊಂದು ಕಷ್ಟ, ಕೇಳಿ ಬರೆದ ಕೋಡ್ ಆದ್ರಿಂದ ಸ್ಪೆಲ್ಲಿಂಗ್ ತಪ್ಪಿ ಕೂಪನ್ ಸರಿ ಇಲ್ಲ ಅಂತ ಬಂದು ಬೇಜಾರಾಗಿ ಹೊರಟು ಹೋಗ್ತಾರೆ. ಈಗ ಒಂದೇ ಪದ, ಅಂಕಿ ಇಲ್ಲ, ಎರಡು ತರ ಬರೆಯೋಕೆ ಆಗದ ಪದ ಅಂತ ನಿಯಮ ಮಾಡ್ಕೊಂಡಿದೀವಿ.

ಅಂಗಡಿಯಾಕೆ

ಜೋಡಿಸಿ ನೋಡಿದೆ ಸರ್. 22ರಲ್ಲಿ 9 ಆರ್ಡರ್ ಮೊದಲ ನಾಲ್ಕು ದಿನದಲ್ಲಿ ಬಂದಿವೆ, ಲಿಂಕ್ ಆರ್ಡರ್‌ಗಳೂ ಹೆಚ್ಚುಕಮ್ಮಿ ಅದೇ ದಿನಗಳಲ್ಲಿವೆ. ಆಮೇಲೆ ಏನೂ ಇಲ್ಲ. ಮೂರನೇ ವಾರ ಕಳೆದ ಮೇಲೆ ಎರಡೇ ದಿನದಲ್ಲಿ 13. ಆ ಹೊತ್ತಲ್ಲಿ ಲಿಂಕ್ ಕಡೆಯಿಂದ ಒಂದೂ ಆರ್ಡರ್ ಇಲ್ಲ. ರೆಫರರ್ ನೋಡಿದ್ರೆ ಕೆಲವು ಗೂಗಲ್ ಹುಡುಕಾಟ, ಕೆಲವು ಒಂದು ಕೂಪನ್ ಸೈಟ್, ಉಳಿದವು ಖಾಲಿ.

ಕ್ಲಿಕ್ಕೇಸತ್ಯ

ನೋಡಿ ನಾನು ಹೇಳಿದ್ದು ಇದೇ.

ಮೂರನೆಕಣ್ಣು

ಕೂಪನ್ ಸೈಟ್‌ನಿಂದ ಬಂದವರು ಸೋರಿಕೆ ಅಂತ ಒಪ್ತೀನಿ. ಆದ್ರೆ ರೆಫರರ್ ಖಾಲಿ ಇರೋರನ್ನೂ ಅದೇ ಬುಟ್ಟಿಗೆ ಹಾಕೋದು ನಂಗೆ ಸರಿ ಕಾಣಲ್ಲ. ಯಾರೋ ಆ ರೀಲನ್ನ ದೊಡ್ಡ ವಾಟ್ಸಾಪ್ ಗ್ರೂಪ್‌ಗೆ ಹಾಕಿ, ಕೋಡ್ ಇದು ನೋಡಿ ಅಂತ ಬರೆದಿದ್ರೆ? ಅಲ್ಲಿಂದ ಬರೋ ಕ್ಲಿಕ್ ಎಷ್ಟೋ ಸಲ ರೆಫರರ್ ಇಲ್ದೇ ಬರುತ್ತೆ. ಅದು ರೀಲ್‌ನಿಂದಲೇ ಆದ ಮಾರಾಟ ತಾನೇ, ತಡವಾಗಿ ಬಂತು ಅಷ್ಟೆ. ಒಳ್ಳೆ ಪೋಸ್ಟ್ ಅಂದ್ರೆ ಜನ ಕೈಯಿಂದ ಕೈಗೆ ದಾಟಿಸೋದೇ ಅಲ್ವಾ, ಅದನ್ನ ಶಿಕ್ಷೆ ತರ ಕಳೀಬಾರದು.

ಲೆಕ್ಕದಪುಸ್ತಕ

ಈ ಮಾತಲ್ಲಿ ತೂಕ ಇದೆ. ಹಳೇ 13ಕ್ಕೆ ಇದನ್ನ ಪೂರ್ತಿ ಬಗೆಹರಿಸೋಕೆ ಆಗಲ್ಲ, ಅದನ್ನ "ಗೊತ್ತಿಲ್ಲ" ಅನ್ನೋ ಬೇರೆ ಸಾಲಲ್ಲಿ ಇಡಬೇಕು, p17ಕ್ಕೂ ಸೇರಿಸ್ಬೇಡಿ, ಅಳಿಸಲೂಬೇಡಿ.

ಮುಂದಕ್ಕೆ ಮಾತ್ರ ಒಂದು ಉಪಾಯ ಇದೆ, ಇದನ್ನ ಮಾಡೋರು ಕಡಿಮೆ, ಆದ್ರೆ ನಂಗೆ ಬಹಳ ಕೆಲಸಕ್ಕೆ ಬಂದಿದೆ. ಪೋಸ್ಟ್ ಹಾಕಿ ಒಂದು ವಾರ ಆದ ಮೇಲೆ ಪೋಸ್ಟ್ ಕೆಳಗಿನ ಬರಹದಲ್ಲಿ ಇರೋ ಕೋಡನ್ನ ಬದಲಾಯಿಸಿ ಹೊಸ ಕೋಡ್ ಹಾಕಿ. ಹಳೇ ಕೋಡನ್ನ ಅಂಗಡಿಯಲ್ಲಿ ನಿಲ್ಲಿಸ್ಬೇಡಿ, ಇನ್ನೂ ಸ್ವಲ್ಪ ದಿನ ನಡೀಲಿ. ಆ ದಿನದ ನಂತರ ಪೋಸ್ಟನ್ನ ನಿಜವಾಗ್ಲೂ ತೆರೆದು ಓದಿದವರ ಕೈಗೆ ಸಿಗೋದು ಹೊಸ ಕೋಡ್ ಮಾತ್ರ. ಹಳೇ ಕೋಡ್ ಹಾಕಿದವರು ಒಂದೋ ಮೊದಲೇ ನೋಡಿ ಬರೆದಿಟ್ಕೊಂಡವರು, ಇಲ್ಲ ಬೇರೆ ಕಡೆ ಪಡೆದವರು. ಬರೆದಿಟ್ಕೊಂಡವರ ಸಂಖ್ಯೆ ದಿನದಿಂದ ದಿನಕ್ಕೆ ಕರಗುತ್ತೆ. ಕರಗದೇ ದಿಢೀರ್ ಅಂತ ಏರಿದ್ರೆ ಅದು ಸೋರಿಕೆ. ಮೂರನೆಕಣ್ಣು ಹೇಳಿದ ಹಾಗೆ ರೀಲನ್ನ ಗ್ರೂಪ್‌ಗೆ ಹಂಚಿದ್ರೆ, ಅದನ್ನ ತೆರೆದು ಓದೋರಿಗೆ ಹೊಸ ಕೋಡ್ ಕಾಣುತ್ತೆ, ಅವರು p17 ಲೆಕ್ಕಕ್ಕೇ ಬರ್ತಾರೆ. ಹಂಚಿದವರು ಕೋಡನ್ನ ಕೈಯಿಂದ ಟೈಪ್ ಮಾಡಿ ಕಳ್ಸಿದ್ರೆ ಮಾತ್ರ ಈ ಬಲೆಗೆ ಬೀಳಲ್ಲ.

ಶೀಟ್‌ನ posts ಟ್ಯಾಬ್‌ನಲ್ಲಿ ಒಂದೇ p17ಕ್ಕೆ ಎರಡು ಸಾಲು ಇರುತ್ತೆ ಅಷ್ಟೆ, ಎರಡು ಕೋಡ್, ಯಾವ ದಿನದಿಂದ ಅನ್ನೋ ತಾರೀಖು. ವಿಡಿಯೋ ಒಳಗೇ ಕೋಡ್ ಅಕ್ಷರದಲ್ಲಿ ಬರೆದಿದ್ರೆ ಅಥವಾ ಬಾಯಲ್ಲಿ ಹೇಳಿದ್ರೆ ಇದು ಆಗಲ್ಲ, ಅದಕ್ಕೇ ನಾನು ವಿಡಿಯೋದಲ್ಲಿ ಕೋಡ್ ಕೆಳಗಿದೆ ಅಂತ ಮಾತ್ರ ಹೇಳಿಸ್ತೀನಿ.

ರಾತ್ರಿಪಾಳಿ

ಅಂಗಡಿಯಾಕೆ ಮೇಡಂ, ಒಂದು ಆರ್ಡರ್‌ನಲ್ಲಿ ಎರಡು ಕೂಪನ್ ಹಾಕೋಕೆ ಬಿಟ್ಟಿದೀರಾ? ವೂಕಾಮರ್ಸ್‌ನಲ್ಲಿ ಆ ಕೂಪನ್‌ಗೆ `Individual use only` ಟಿಕ್ ಮಾಡದಿದ್ರೆ ಬಿಡುತ್ತೆ, `coupon_lines` ಅನ್ನೋದು ಪಟ್ಟಿ, ನಿಮ್ಮ ಸ್ಕ್ರಿಪ್ಟ್ ಮೊದಲನೇದು ಒಂದನ್ನೇ ತಗೋತಿದ್ರೆ ಎರಡನೇದು ಕಾಣಲ್ಲ.

ಇನ್ನೊಂದು ವಿಷ್ಯ. ಹಿಂದಿನ ದಿನದ ಆರ್ಡರ್ ಮಾತ್ರ ತರುತ್ತೆ ಅಂದ್ರಲ್ಲ, ನಂಗೆ ಅಲ್ಲೇ ಡೌಟು. ಸೋಮವಾರ ಬಂದ ಆರ್ಡರ್ ಶುಕ್ರವಾರ ಕ್ಯಾನ್ಸಲ್ ಆದ್ರೆ ನಿಮ್ಮ ಶೀಟ್‌ಗೆ ಅದು ಗೊತ್ತೇ ಆಗಲ್ಲ, ಯಾವತ್ತೂ ಮಾರಾಟ ಅಂತಾನೇ ಇರುತ್ತೆ. ಡೂಪ್ಲಿಕೇಟ್ ಸೊನ್ನೆ ಬಂದಿದ್ದಕ್ಕೂ ಇದೇ ಕಾರಣ, ಒಂದು ಸಲ ತಂದಿದ್ದನ್ನ ಮತ್ತೆ ತಿರುಗಿ ನೋಡ್ತಾನೇ ಇಲ್ಲ.

ಅಂಗಡಿಯಾಕೆ

`Individual use only` ಎಲ್ಲ ಕೋಡ್‌ಗೂ ಹಾಕಿದೀವಿ. ಕ್ಯಾನ್ಸಲ್ ವಿಷ್ಯ ನೀವು ಹೇಳಿದ ಹಾಗೇ ಇದೆ, ಸ್ಟೇಟಸ್ ಕಾಲಂ ಇದೆ ಆದ್ರೆ ಎಲ್ಲಾ `processing` ಅಂತಾನೇ ಕೂತಿದೆ. ಹೇಗೆ ಸರಿ ಮಾಡೋದು?

ರಾತ್ರಿಪಾಳಿ

ಹುಟ್ಟಿದ ತಾರೀಖಿನ ಬದಲು ಬದಲಾದ ತಾರೀಖಿನ ಮೇಲೆ ಕೇಳಿ. `/wp-json/wc/v3/orders` ಗೆ `modified_after` ಅಂತ ಒಂದು ಇದೆ, ಅದಕ್ಕೆ ಮೂರು ದಿನದ ಹಿಂದಿನ ಸಮಯ ಕೊಡಿ. ಒಂದು ದಿನ ಸಾಕಲ್ವಾ ಅನ್ನಬಹುದು, ಆದ್ರೆ ಒಂದು ಬೆಳಗ್ಗೆ ಸರ್ವರ್ ಉತ್ತರ ಕೊಡದೇ ಸ್ಕ್ರಿಪ್ಟ್ ಬಿದ್ದುಹೋದ್ರೆ ಆ ದಿನದ್ದು ಶಾಶ್ವತವಾಗಿ ತಪ್ಪುತ್ತೆ, ಮೂರು ದಿನ ಇಟ್ರೆ ಮಾರನೇ ದಿನ ತಾನೇ ತುಂಬಿಕೊಳ್ಳುತ್ತೆ. `per_page` ಹೆಚ್ಚಂದ್ರೆ 100, ಅದಕ್ಕಿಂತ ಜಾಸ್ತಿ ಇದ್ರೆ `page=2` ಅಂತ ಮುಂದೆ ಹೋಗ್ಬೇಕು.

ಒಂದೇ ಆರ್ಡರ್ ಹಲವು ಸಲ ಬರೋದ್ರಿಂದ ಈಗ ಕೆಳಗೆ ಸೇರಿಸ್ತಾ ಹೋಗೋ ಹಾಗಿಲ್ಲ, ಇದ್ರೆ ಅದೇ ಸಾಲನ್ನ ತಿದ್ದಬೇಕು, ಇಲ್ಲದಿದ್ರೆ ಹೊಸದು:

```
function upsert(sh, rows) {
  const ids = sh.getRange(1, 1, sh.getLastRow(), 1)
    .getValues().map(r => String(r[0]));
  rows.forEach(r => {
    const i = ids.indexOf(String(r[0]));
    if (i < 0) { ids.push(String(r[0])); sh.appendRow(r); }
    else sh.getRange(i + 1, 1, 1, r.length).setValues([r]);
  });
}
```

ಮೊದಲ ಸಾಲು ಹೆಡರ್, A ಕಾಲಂ ಆರ್ಡರ್ ನಂಬರ್ ಅಂತ ಲೆಕ್ಕ. ಇದರಲ್ಲಿ ಒಂದು ಎಚ್ಚರ ಬೇಕು. orders ಟ್ಯಾಬ್‌ನಲ್ಲಿ ಫಾರ್ಮುಲಾ ಇಡ್ಬೇಡಿ. ಫಾರ್ಮುಲಾನ ಕೆಳಗಿನ ತನಕ ಎಳೆದಿದ್ರೆ ಅದು ಖಾಲಿ ತೋರಿಸ್ತಿದ್ರೂ `getLastRow` ಅದನ್ನೂ ಎಣಿಸುತ್ತೆ, ಹೊಸ ಆರ್ಡರ್ ಸಾವಿರದೊಂದನೇ ಸಾಲಲ್ಲಿ ಹೋಗಿ ಕೂರುತ್ತೆ, ನೀವು ಡೇಟಾ ಬರ್ತಿಲ್ಲ ಅಂತ ಹುಡುಕ್ತಿರ್ತೀರ. ಜಗಳದ ಫಾರ್ಮುಲಾ ಎಲ್ಲ ಬೇರೆ ಟ್ಯಾಬ್‌ನಲ್ಲಿ, orders ಟ್ಯಾಬ್ ಸ್ಕ್ರಿಪ್ಟ್‌ಗೆ ಮಾತ್ರ.

ಹಾಗೇ ಸ್ಕ್ರಿಪ್ಟ್ ಮುಗಿದ ಮೇಲೆ ಒಂದು ಸೆಲ್‌ನಲ್ಲಿ ಮುಗಿದ ಸಮಯ ಬರೆಸಿ. ಅಂಗಡಿಯ API ಕೀ ಯಾರೋ ತೆಗೆದು ಹಾಕಿದ್ರೆ ಶೀಟ್ ಖಾಲಿ ಆಗಲ್ಲ, ನಿನ್ನೆಯ ನಂಬರ್‌ನೇ ತೋರಿಸ್ತಾ ನೆಮ್ಮದಿಯಾಗಿ ಕೂತಿರುತ್ತೆ, ಮಾರಾಟ ಬಿತ್ತು ಅಂತ ಪೋಸ್ಟ್ ಮೇಲೆ ತಪ್ಪು ಹೊರಿಸ್ತೀರ. ಟ್ರಿಗರ್ `atHour(5)` ಅಂತ ಇಟ್ರೂ ಸರಿಯಾಗಿ ಐದಕ್ಕೇ ಓಡಲ್ಲ, ಆ ಗಂಟೆಯೊಳಗೆ ಯಾವಾಗಲಾದ್ರೂ ಓಡುತ್ತೆ, ಅದಕ್ಕೆ ಗಾಬರಿ ಬೇಡ.

ಮೂರನೆಕಣ್ಣು

ಟೈಮ್‌ಝೋನೂ ನೋಡ್ಕೊಳ್ಳಿ. ಅಂಗಡಿದು ಒಂದು, ಸ್ಕ್ರಿಪ್ಟ್‌ದು ಇನ್ನೊಂದು ಇದ್ರೆ ಪೋಸ್ಟ್ ಹಾಕೋಕೆ ಮುಂಚೇನೇ ಆ ಕೋಡ್‌ನಲ್ಲಿ ಆರ್ಡರ್ ಬಂದ ಹಾಗೆ ಕಾಣುತ್ತೆ. ಅಂಥ ಒಂದು ಸಾಲು ಕಂಡ್ರೂ ಮೊದಲು ಇದನ್ನೇ ಪರೀಕ್ಷೆ ಮಾಡಿ.

ಅಂಗಡಿಯಾಕೆ

ಹೇಳಿದ ಹಾಗೆ ಸ್ಕ್ರಿಪ್ಟ್ ಬದಲಾಯಿಸಿ, ಒಂದು ಸಲ ಹಳೇದನ್ನೂ ಪೂರ್ತಿ ಮತ್ತೆ ತರಿಸಿದೆ. p17ರಲ್ಲಿ 3 ಆರ್ಡರ್ ಕ್ಯಾನ್ಸಲ್ ಆಗಿವೆ, ಎರಡು ಮೊದಲ ವಾರದ ಕೂಪನ್ ಮಾತ್ರ ಗುಂಪಲ್ಲಿ, ಒಂದು ಎರಡೂ ಇರೋ ಗುಂಪಲ್ಲಿ. ಹಾಗಾದ್ರೆ ಈಗ ಕೂಪನ್ ಮಾತ್ರ 7, ಎರಡೂ 14, ಲಿಂಕ್ ಮಾತ್ರ 8, ಒಟ್ಟು 29 ಗಟ್ಟಿ. ಗೊತ್ತಿಲ್ಲ ಅನ್ನೋ ಸಾಲಲ್ಲಿ 13. ಜಗಳದ 4 ಏನು ಮಾಡ್ಲಿ?

ಕ್ಲಿಕ್ಕೇಸತ್ಯ

ಕೊನೇ ಕ್ಲಿಕ್ p14, ಆದ್ದರಿಂದ p14ಕ್ಕೆ ಕೊಡಿ.

ಲೆಕ್ಕದಪುಸ್ತಕ

ನಾನಾದ್ರೆ p17ಕ್ಕೆ ಕೊಡ್ತೀನಿ, ಯಾಕಂದ್ರೆ ಕೋಡನ್ನ ಮನುಷ್ಯ ಬೇಕು ಅಂತ ಟೈಪ್ ಮಾಡಿದಾನೆ, ಲಿಂಕ್ ಅನ್ನೋದು ಅಂಗಡಿಗೆ ಬರೋಕೆ ಕೈಗೆ ಸಿಕ್ಕ ದಾರಿ ಆಗಿರಬಹುದು. ರೀಲ್ ನೋಡಿದ್ದಾನೆ, ಲಿಂಕ್ ಸಿಗದೆ ಯೂಟ್ಯೂಬ್‌ನ ಹಳೇ ವಿಡಿಯೋ ಕೆಳಗಿನ ಲಿಂಕ್ ಒತ್ತಿ ಬಂದಿದಾನೆ ಅನ್ನೋದು ನಂಗೆ ನಂಬೋಕೆ ಸುಲಭ. ಆದ್ರೆ p14 ನೋಡಿ ಮನಸ್ಸು ಮಾಡಿ, ಕೋಡ್ ಇದ್ಯಾ ಅಂತ ರೀಲ್‌ಗೆ ಹೋದವರೂ ಇರಬಹುದು. ಯಾವ ನಿಯಮ ಆದ್ರೂ ಪರವಾಗಿಲ್ಲ, ನಂಬರ್ ನೋಡೋಕೆ ಮುಂಚೆ ನಿಯಮ ಶೀಟ್‌ನಲ್ಲಿ ಬರೆದಿಡಿ, ಪೋಸ್ಟಿಂದ ಪೋಸ್ಟಿಗೆ ಬದಲಾಯಿಸ್ಬೇಡಿ. ಯಾವ ಕಡೆ ಹಾಕಿದ್ರೂ p17 29ರಿಂದ 33ರ ಒಳಗೇ ಇರುತ್ತೆ, ನಿಮ್ಮ ತೀರ್ಮಾನ ಆ ನಾಲ್ಕರ ಮೇಲೆ ನಿಂತಿರೋ ಹಾಗಿದ್ರೆ ಆಗ ಮಾತ್ರ ಯೋಚನೆ ಮಾಡಿ.

ಕ್ಲಿಕ್ಕೇಸತ್ಯ

ಸರಿ, ಅದು ಬಿಡಿ, ನನ್ನ ಇನ್ನೊಂದು ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಆ 29ರಲ್ಲಿ ಹಳೇ ಗಿರಾಕಿಗಳು ಎಷ್ಟು? ಅವರು ಹೇಗಿದ್ರೂ ಕೊಳ್ತಿದ್ರು, ರೀಲ್ ಬಂತು, ಡಿಸ್ಕೌಂಟ್ ಸಿಕ್ತು, ಬೇಗ ಕೊಂಡ್ರು. ಅದನ್ನ ರೀಲ್ ತಂದ ಮಾರಾಟ ಅನ್ನೋದು ಹೇಗೆ?

ಲೆಕ್ಕದಪುಸ್ತಕ

ಇದು ಒಳ್ಳೆ ಪ್ರಶ್ನೆ, ಈ ಶೀಟ್ ಇದಕ್ಕೆ ಉತ್ತರ ಕೊಡಲ್ಲ. ಆರ್ಡರ್ ಯಾವ ದಾರಿಯಲ್ಲಿ ಬಂತು ಅಂತ ಕೂಪನ್ನೂ ಲಿಂಕೂ ಹೇಳ್ತವೆ, ಆ ದಾರಿ ಇಲ್ಲದಿದ್ರೆ ಬರ್ತಿರಲಿಲ್ವಾ ಅಂತ ಹೇಳಲ್ಲ. ಸ್ವಲ್ಪ ಹತ್ರ ಹೋಗಬಹುದು, ಇಮೇಲ್ ಅಥವಾ ಫೋನ್ ನಂಬರ್ ಮೇಲೆ ಮೊದಲ ಆರ್ಡರ್ ಯಾವುದು ಅಂತ ಗುರುತು ಮಾಡಿ ಹೊಸಬರು, ಹಳಬರು ಅಂತ ಎರಡು ಪಾಲು ಮಾಡಿ. ಹೊಸಬರ ಪಾಲು ಹೆಚ್ಚಿರೋ ಪೋಸ್ಟ್‌ಗೆ ನಾನು ಹೆಚ್ಚು ಬೆಲೆ ಕೊಡ್ತೀನಿ.

ಮೂರನೆಕಣ್ಣು

ಹಳಬರು ಹೇಗಿದ್ರೂ ಕೊಳ್ತಿದ್ರು ಅನ್ನೋದನ್ನೂ ನಾನು ಪೂರ್ತಿ ಒಪ್ಪಲ್ಲ. ಅಂಗಡಿ ಮರೆತು ವರ್ಷ ಆದವರನ್ನ ಒಂದು ರೀಲ್ ವಾಪಸ್ ಕರೆದಿರುತ್ತೆ, ಅವರ ಹಿಂದಿನ ಆರ್ಡರ್ ಯಾವಾಗ ಅನ್ನೋದನ್ನೂ ಕಾಲಂ ಮಾಡಿ ನೋಡಿ.

ಅಂಗಡಿಯಾಕೆ

ಮೊದಲ ಆರ್ಡರ್, ಹಿಂದಿನ ಆರ್ಡರ್ ಎರಡು ಕಾಲಂನೂ ಇವತ್ತೇ ಸೇರಿಸ್ತೀನಿ. ಜಗಳ ಬಂದ್ರೆ ಕೂಪನ್ ಪೋಸ್ಟ್‌ಗೆ ಅಂತ ನಿಯಮ posts ಟ್ಯಾಬ್ ಮೇಲೇ ಬರೆದಾಯ್ತು, ಪಾರ್ಟ್ನರ್ ಕೂಡ ಒಪ್ಪಿದ್ರು, ಹಾಗಾಗಿ p17 ಎದುರಿಗೆ ಈಗ 33 ಇದೆ, ಕೆಳಗೆ 13 ಬೇರೆ. ಹೊಸ ರೀಲ್‌ಗೆ ಕೋಡ್ ವಿಡಿಯೋದಲ್ಲಿ ಬರೆಯಲ್ಲ, ಕೆಳಗಿನ ಬರಹದಲ್ಲಿ ಹಾಕಿ ವಾರಕ್ಕೆ ಬದಲಾಯಿಸ್ತೀವಿ. ರಾತ್ರಿಪಾಳಿ ಸರ್, ಒಂದು ಕೊನೇ ಪ್ರಶ್ನೆ, ಹಳೇ ಕೋಡ್ ನಡೀತಾ ಇರ್ಲಿ ಅಂದ್ರಲ್ಲ, ಕೂಪನ್ ಸೈಟ್‌ಗೆ ಸೋರಿದ ಮೇಲೂ ನಡೀಲಾ?

ರಾತ್ರಿಪಾಳಿ

ಆ ಮಾತು ಲೆಕ್ಕದಪುಸ್ತಕ ಸರ್‌ದು, ಆದ್ರೂ ನಾನು ಮಾಡೋದು ಹೇಳ್ತೀನಿ. ಸೋರಿದ್ದು ಖಾತ್ರಿ ಆದ ದಿನ ಆ ಕೂಪನ್‌ನ ಎಕ್ಸ್‌ಪೈರಿ ಅವತ್ತಿಗೇ ಇಡ್ತೀನಿ, ಅಳಿಸಲ್ಲ. ಅಳಿಸಿದ್ರೆ ಆ ಕೋಡ್ ಯಾವ ಪೋಸ್ಟ್‌ದು, ಡಿಸ್ಕೌಂಟ್ ಎಷ್ಟಿತ್ತು ಅಂತ ಆಮೇಲೆ ಅಂಗಡಿ ಕಡೆಯಿಂದ ನೋಡೋಕೆ ಸಿಗಲ್ಲ. posts ಟ್ಯಾಬ್‌ನಲ್ಲೂ ಆ ಸಾಲು ಹಾಗೇ ಇರ್ಲಿ, ಮುಗಿದ ತಾರೀಖು ಒಂದು ಸೇರಿಸಿ.